ಸಾಲ ಅಗ್ಗ, ಆದರೂ ಕಂಪನಿಯ ಬೆಲೆ ಏಕೆ ಏರಲ್ಲ?

ಸಿಎ ಇಂಟರ್ ಎರಡನೇ ಸಲ
ಸಾಲದ ಬಡ್ಡಿ 6 ಪರ್ಸೆಂಟ್. ಷೇರುದಾರರು ಕೇಳುವುದು 10. ಅರ್ಧ ದುಡ್ಡನ್ನು ಸಾಲ ತಂದರೆ ಸರಾಸರಿ 8ಕ್ಕೆ ಇಳಿಯಬೇಕು, ಕಂಪನಿಯ ಬೆಲೆ ಏರಬೇಕು ಅಲ್ವಾ? ತೆರಿಗೆ ಇಲ್ಲದ ಲೋಕದಲ್ಲಿ ಏರುವುದಿಲ್ಲ ಅಂತಾರೆ ಅರ್ಥಶಾಸ್ತ್ರಜ್ಞರಾದ ಮೋದಿಲಿಯಾನಿ ಮತ್ತು ಮಿಲ್ಲರ್. ಫಾರ್ಮುಲಾ ಬಾಯಿಪಾಠ ಆಗಿದೆ, ತಲೆಗೆ ಹತ್ತಿಲ್ಲ.

ಡಿವಿಡೆಂಡ್ ದಾಸ
ಸಾಲ ಜಾಸ್ತಿ ಆದಷ್ಟೂ ಕಂಪನಿ ಮುಳುಗುವ ಭಯ ಜಾಸ್ತಿ. ಅದಕ್ಕೇ ಷೇರುದಾರರು ಹೆಚ್ಚು ಕೇಳುತ್ತಾರೆ. ಅಗ್ಗದ ಬಡ್ಡಿಯಿಂದ ಉಳಿದದ್ದು ಅಲ್ಲಿಗೆ ಹೋಯಿತು.

ಲೆಕ್ಕದ ಮೇಷ್ಟ್ರು
ದಾಸರೇ, ಹೆಚ್ಚು ಕೇಳುತ್ತಾರೆ ಅನ್ನುವುದು ಸರಿ. ಕಾರಣ ಸರಿಯಿಲ್ಲ. ಮುಳುಗುವ ಮಾತೇ ಇಲ್ಲದಿದ್ದರೂ ಹೆಚ್ಚು ಕೇಳುತ್ತಾರೆ. ಉಳಿದದ್ದೆಲ್ಲ ಪೈಸೆ ಬಿಡದೆ ಹೋಗುತ್ತದಲ್ಲ, ಅದು ಭಯದಿಂದ ಆಗುವ ಕೆಲಸವಲ್ಲ. ಸುಮ್ನೆ ಒಂದು ಲೆಕ್ಕ ಹಾಕೋಣ.

ಒಂದೇ ರಸ್ತೆಯಲ್ಲಿ ಎರಡು ಕೋಲ್ಡ್ ಸ್ಟೋರೇಜ್ ಕಂಪನಿಗಳಿವೆ. ಬಡಗು, ತೆಂಕು ಅಂತ ಇಟ್ಟುಕೊಳ್ಳಿ. ಎರಡೂ ಬಡ್ಡಿ ಕಟ್ಟುವ ಮೊದಲು ವರ್ಷಕ್ಕೆ ಸುಮಾರು 10 ಲಕ್ಷ ದುಡಿಯುತ್ತವೆ. ಒಂದಕ್ಕೆ ಒಳ್ಳೆ ವರ್ಷ ಆದರೆ ಇನ್ನೊಂದಕ್ಕೂ ಒಳ್ಳೆ ವರ್ಷವೇ. ಬಡಗುಗೆ ಸಾಲ ಇಲ್ಲ, ಅದರ ಎಲ್ಲ ಷೇರುಗಳ ಬೆಲೆ 1 ಕೋಟಿ. ತೆಂಕು 6 ಪರ್ಸೆಂಟ್‌ಗೆ 50 ಲಕ್ಷ ಸಾಲ ಮಾಡಿದೆ. ಬಡ್ಡಿ 3 ಲಕ್ಷ ಹೋಗಿ ಷೇರುದಾರರಿಗೆ 7 ಲಕ್ಷ ಉಳಿಯುತ್ತದೆ. ನೀವು ಹೇಳಿದ ಹಾಗೆ ಸಾಲದಿಂದ ಬೆಲೆ ಏರಿತು, ತೆಂಕು ಷೇರುಗಳು 60 ಲಕ್ಷಕ್ಕೆ ಹೋದವು ಅಂತಿಟ್ಟುಕೊಳ್ಳಿ. ಸಾಲ ಸೇರಿಸಿ ಒಟ್ಟು 1 ಕೋಟಿ 10 ಲಕ್ಷ.

ಈಗ ನಿಮ್ಮ ಹತ್ತಿರ ತೆಂಕು ಷೇರುಗಳಲ್ಲಿ ಹತ್ತನೇ ಒಂದು ಪಾಲಿದೆ. ಬೆಲೆ 6 ಲಕ್ಷ, ವರ್ಷಕ್ಕೆ 70 ಸಾವಿರ ಬರುತ್ತದೆ. ಅದನ್ನು ಮಾರಿಬಿಡಿ. ನಿಮ್ಮ ಹೆಸರಲ್ಲೇ 5 ಲಕ್ಷ ಸಾಲ ತೆಗೆದುಕೊಳ್ಳಿ, ಅದೇ 6 ಪರ್ಸೆಂಟ್‌ಗೆ. ಬಡಗು ಕಂಪನಿಯ ಹತ್ತನೇ ಒಂದು ಪಾಲನ್ನು 10 ಲಕ್ಷಕ್ಕೆ ಕೊಳ್ಳಿ. ಅಲ್ಲಿಂದ 1 ಲಕ್ಷ ಬರುತ್ತದೆ, 30 ಸಾವಿರ ಬಡ್ಡಿ ಕಟ್ಟಿ, ಕೈಯಲ್ಲಿ ಅದೇ 70 ಸಾವಿರ. ಆದರೆ ಕೈಯಿಂದ ಹಾಕಿದ್ದು 5 ಲಕ್ಷ ಮಾತ್ರ. 1 ಲಕ್ಷ ಜೇಬಲ್ಲೇ ಉಳಿಯಿತು!

ಕೆಟ್ಟ ವರ್ಷ ಬಂದು ದುಡಿಮೆ 4 ಲಕ್ಷಕ್ಕೆ ಇಳಿದರೆ? ತೆಂಕು ಪಾಲಿನಿಂದ ಬರುತ್ತಿದ್ದದ್ದು 10 ಸಾವಿರ. ಬಡಗು ಪಾಲಿನಿಂದ 40 ಸಾವಿರ ಬಂದು ಬಡ್ಡಿ ಕಳೆದರೂ 10 ಸಾವಿರವೇ. ರಿಸ್ಕ್ ಕೂಡ ಅಚ್ಚು ಅದೇ. ಇದು ಕಂಡ ಮೇಲೆ ತೆಂಕು ಷೇರನ್ನು 60 ಲಕ್ಷದ ಲೆಕ್ಕದಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? 50ಕ್ಕೆ ಬರುವ ತನಕ ಮಾರುತ್ತಲೇ ಇರುತ್ತಾರೆ.

50 ಲಕ್ಷಕ್ಕೆ 7 ಲಕ್ಷ ಅಂದರೆ 14 ಪರ್ಸೆಂಟ್. ನಿಮ್ಮ ತಪ್ಪು ಇಲ್ಲಿದೆ. ಸಾಲ ತಂದ ಮೇಲೂ ಷೇರುದಾರರು 10ಕ್ಕೇ ಸುಮ್ಮನಿರುತ್ತಾರೆ ಅಂದುಕೊಂಡು 8 ಅಂದಿರಿ. 6 ಮತ್ತು 14ರ ಸರಾಸರಿ ತೆಗೆಯಿರಿ.

ಸಿಎ ಇಂಟರ್ ಎರಡನೇ ಸಲ
ಓಹ್, 10. ಕೆಟ್ಟ ವರ್ಷದಲ್ಲಿ ಬಡಗು ಷೇರುದಾರರ ಪಾಲು 10ರಿಂದ 4ಕ್ಕೆ ಇಳಿದರೆ, ತೆಂಕುನವರದ್ದು 7ರಿಂದ 1ಕ್ಕೆ. ಆ ಏರಿಳಿತಕ್ಕೆ ಜಾಸ್ತಿ ಕೇಳುತ್ತಾರೆ. ಸಾಲ ಮುಳುಗಿಯೇ ಇಲ್ಲ. ಸರಿ ಸರಿ.

ಮಗ್ಗದ ಮನೆ, ದೊಡ್ಡಬಳ್ಳಾಪುರ
ನೀವೆಲ್ಲ ಪುಸ್ತಕದಲ್ಲಿ ಸಾಲ ಮಾಡಿದವರು. ನಾನು ಬ್ಯಾಂಕಲ್ಲಿ ಮಾಡಿದವನು. ಎಂಟು ಪವರ್‌ಲೂಮ್ ಹಾಕಿದೆ. ರೇಷ್ಮೆ ನೂಲಿನ ರೇಟು ಏರಿತು, ಸೀರೆಗೆ ಹಳೇ ರೇಟೇ ಕೇಳಿದರು. ನಾಲ್ಕು ಕಂತು ತಪ್ಪಿತು. ಓಡುತ್ತಿದ್ದ ಮಗ್ಗಗಳನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಿದೆ. ಸಾಲದಿಂದ ಬೆಲೆ ಬದಲಾಗಲ್ಲ ಅನ್ನೋರು ಒಂದು ಸಲ ಬಂದು ಆ ಖಾಲಿ ಶೆಡ್ ನೋಡಿ. ಸಾಲ ಮಾಡಬೇಡಿ ಅಷ್ಟೇ.

ಲೆಕ್ಕದ ಮೇಷ್ಟ್ರು
ಅಣ್ಣಾ, ಇಲ್ಲಿ ಯಾರೂ ಸಾಲ ಮಾಡಿ ಅನ್ನುತ್ತಿಲ್ಲ. ಆದರೆ ನಿಮ್ಮ ಕಥೆಯಲ್ಲಿ ಬೆಲೆ ಹೋಗಿದ್ದು ಯಾವಾಗ ಅಂತ ನೋಡಿ. ನೂಲಿನ ರೇಟು ಏರಿದ್ದು ಸಾಲ ಇಲ್ಲದವರಿಗೂ ಏಟೇ. ಓಡುವ ಮಗ್ಗ ಗುಜರಿ ಆಯಿತಲ್ಲ, ಅದು ಮಾತ್ರ ಸಾಲದ ಕೆಲಸ. ಮೋದಿಲಿಯಾನಿ, ಮಿಲ್ಲರ್ ಅವರ ಲೋಕದಲ್ಲಿ ಕಂತು ತಪ್ಪಿದರೆ ಮಗ್ಗ ಓಡುತ್ತಲೇ ಇರುತ್ತದೆ, ಮಾಲೀಕರು ಮಾತ್ರ ಬದಲಾಗುತ್ತಾರೆ. ನಿಮ್ಮೂರಲ್ಲಿ ಹಾಗಾಗಲಿಲ್ಲ. ಈ ಮಾತು ನಿಲ್ಲಬೇಕಾದರೆ ಏನೇನು ಇರಬಾರದು ಅಂತ ಕೇಳಿದರೆ, ತೆರಿಗೆಯ ಪಕ್ಕದಲ್ಲೇ ನಿಮ್ಮ ಗುಜರಿ ಅಂಗಡಿಯನ್ನೂ ಬರೆಯಬೇಕು.

ಹಾಲಿನ ಕ್ಯಾನು
ನಮ್ಮ ಮನೆಯಿಂದ ಡೈರಿಗೆ ಹಾಲು ಹಾಕುತ್ತೇವೆ. ಸಂಜೆ ಹಾಲಿನ ಕೆನೆ ತೆಗೆದು ಉಳಿದದ್ದನ್ನು ಬೆಳಿಗ್ಗೆಯ ಹಾಲಿಗೆ ಸೇರಿಸಿದ ದಿನ ಚೀಟಿಯಲ್ಲಿ ಫ್ಯಾಟ್ ಇಳಿದಿರುತ್ತೆ, ರೇಟೂ ಇಳಿದಿರುತ್ತೆ. ಕೆನೆ ಮನೆಯಲ್ಲಿ, ಆದರೆ ಅದರ ದುಡ್ಡು ಡೈರಿ ಹಿಡಿದುಕೊಂಡಿರುತ್ತೆ. ಇದೂ ಅದೇ ತಾನೇ?

ಲೆಕ್ಕದ ಮೇಷ್ಟ್ರು
ಅದೇ. ಮೋದಿಲಿಯಾನಿ, ಮಿಲ್ಲರ್ ಅವರ 1958ರ ಲೇಖನದಲ್ಲೇ ಹಾಲಿನ ಉಪಮೆ ಇದೆ. ಸಾಲ ಕೊಟ್ಟವರು ಭದ್ರವಾದ ಕೆನೆ ತೆಗೆದುಕೊಂಡರೆ ಷೇರುದಾರರಿಗೆ ಉಳಿಯುವುದು ತೆಳು ಹಾಲು. ಕ್ಯಾನಿನಲ್ಲಿ ಇದ್ದದ್ದು ಅಷ್ಟೇ. ತೆರಿಗೆ ಬಂದರೆ ಅದೇ ಕ್ಯಾನಿಗೆ ಸರ್ಕಾರದ ಲೋಟವೂ ಬಂತು. ಬಡ್ಡಿಯನ್ನು ತೆರಿಗೆಗೆ ಮುಂಚೆ ಕಳೆಯಬಹುದು ಅಂದರೆ ಸಾಲ ಮಾಡಿದಷ್ಟೂ ಆ ಲೋಟ ಚಿಕ್ಕದಾಗುತ್ತದೆ. ತೆರಿಗೆಯ ಲೆಕ್ಕವನ್ನು ಅವರೇ 1963ರಲ್ಲಿ ತಿದ್ದಿದರು.

ಹಾಲಿನ ಕ್ಯಾನು
ಆದರೆ ಮೇಷ್ಟ್ರೇ, ಬೆಣ್ಣೆ ಕಡೆದು ಹೋಟೆಲ್‌ಗೆ ಕೊಟ್ಟರೆ ಒಂದಿಷ್ಟು ಜಾಸ್ತಿನೇ ಸಿಗುತ್ತೆ.

ಲೆಕ್ಕದ ಮೇಷ್ಟ್ರು
ಹೋಟೆಲಿನವರು ತಾವೇ ಕಡೆಯೋಕೆ ಆಗಲ್ಲ ಅದಕ್ಕೆ. ಸಾಲದಲ್ಲೂ ಹಾಗೇ. ಕೊಳ್ಳುವವರು ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದಕ್ಕೆ ಕಂಪನಿಗೆ ಹೆಚ್ಚು ಕೊಡುವುದಿಲ್ಲ. ಮಾಡಿಕೊಳ್ಳಲು ಆಗದ್ದಿದ್ದರೆ ಕೊಡುತ್ತಾರೆ.

ಸಿಎ ಇಂಟರ್ ಎರಡನೇ ಸಲ
ಅಲ್ಲೇ ನನ್ನ ತಕರಾರು. ತೆಂಕು ಕಂಪನಿಗೆ 6ಕ್ಕೆ ಸಾಲ ಸಿಗುತ್ತೆ. ನನಗೆ ಯಾರು ಕೊಡುತ್ತಾರೆ? ಕ್ರೆಡಿಟ್ ಕಾರ್ಡ್ ಬಡ್ಡಿ ನೋಡಿದ್ದೀರಾ?

ಲೆಕ್ಕದ ಮೇಷ್ಟ್ರು
ಷೇರನ್ನೇ ಅಡ ಇಟ್ಟು ಸಾಲ ತೆಗೆದುಕೊಳ್ಳಬಹುದು. 10 ಲಕ್ಷದ ಷೇರಿಗೆ ಅರ್ಧದಷ್ಟು, ಅಂದರೆ ನಮ್ಮ ಲೆಕ್ಕದ 5 ಲಕ್ಷ ಕೊಡುವವರು ಇದ್ದಾರೆ. 6ಕ್ಕೆ ಸಿಗಲ್ಲ, ಒಪ್ಪಿದೆ. ಆದರೆ ನೀವೇ ಮಾಡಬೇಕಿಲ್ಲ, ಅಗ್ಗದಲ್ಲಿ ಸಾಲ ಸಿಗುವ ದೊಡ್ಡವರು ಮಾರಿದರೂ ಬೆಲೆ ಇಳಿಯುತ್ತದೆ. ಇನ್ನು ತೆಂಕು ಷೇರುಗಳು 45 ಲಕ್ಷಕ್ಕೆ ಬಿದ್ದರೆ ಸಾಲವೇ ಬೇಡ. ಬಡಗುನ ಹತ್ತನೇ ಪಾಲು ಮಾರಿ ತೆಂಕುನ ಹತ್ತನೇ ಪಾಲನ್ನು ನಾಲ್ಕೂವರೆ ಲಕ್ಷಕ್ಕೆ, ಅದರ ಸಾಲಪತ್ರದ ಹತ್ತನೇ ಪಾಲನ್ನು 5 ಲಕ್ಷಕ್ಕೆ ಕೊಳ್ಳಿ. ಅದೇ 1 ಲಕ್ಷ ಬರುತ್ತದೆ, 50 ಸಾವಿರ ಉಳಿಯುತ್ತದೆ. ಕೆಳಗಿನಿಂದ ಎತ್ತುವ ಕೈ ಬಲವಾಗಿದೆ, ಮೇಲಿನಿಂದ ಒತ್ತುವ ಕೈ ಸ್ವಲ್ಪ ವೀಕು.

ಡಿವಿಡೆಂಡ್ ದಾಸ
ಸ್ವಲ್ಪ ಅಲ್ಲ ಮೇಷ್ಟ್ರೇ. ನಿಮ್ಮ ಲೆಕ್ಕವನ್ನು 4 ಲಕ್ಷಕ್ಕೇ ನಿಲ್ಲಿಸಿದಿರಿ. ದುಡಿಮೆ 2 ಲಕ್ಷಕ್ಕೆ ಇಳಿಸಿ. ತೆಂಕು ಬಡ್ಡಿಯನ್ನೇ ಕಟ್ಟಲಾರದು. ಅದರ ಷೇರುದಾರನಿಗೆ ಸೊನ್ನೆ, ಮನೆಗೆ ಹೋಗಿ ಮಲಗುತ್ತಾನೆ. ಬಡಗು ಷೇರು ಕೊಂಡವನಿಗೆ ಬರುವುದು 20 ಸಾವಿರ, ಕಟ್ಟಬೇಕಾದ್ದು 30. ಅವನ ಮನೆ ಬಾಗಿಲಿಗೆ ಜನ ಬರುತ್ತಾರೆ. ಎರಡೂ ಒಂದೇ ಅಲ್ಲ.

ಲೆಕ್ಕದ ಮೇಷ್ಟ್ರು
ಒಳ್ಳೆ ಏಟು. ಅಡ ಇಟ್ಟ ಷೇರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಅನ್ನುವ ಕರಾರಿನ ಸಾಲ ಆದರೆ ಒಂದೇ ಆಗುತ್ತದೆ.

ಡಿವಿಡೆಂಡ್ ದಾಸ
ಅಂಥ ಕರಾರಿಗೆ ಸಹಿ ಹಾಕಿ ನನಗೆ 6 ಪರ್ಸೆಂಟ್‌ಗೆ ಸಾಲ ಕೊಡುವ ಬ್ಯಾಂಕ್ ತೋರಿಸಿ, ಆಮೇಲೆ ಮಾತಾಡೋಣ.

ಮಗ್ಗದ ಮನೆ, ದೊಡ್ಡಬಳ್ಳಾಪುರ
ಸಿಕ್ಕರೆ ನನಗೂ ಹೇಳಿ. ಶೆಡ್ ಇನ್ನೂ ಖಾಲಿ ಇದೆ.