ಪದಚರ್ಚೆ: ‘ದರ್ಶಿನಿ’ ನಿಘಂಟಿಗೆ ಬರುವಷ್ಟು ಪದವಾಗಿದೆಯೆ?

ಎಲ್ಲರಿಗೂ ನಮಸ್ಕಾರ.

ಅಕ್ಕನ ಮಗಳು ರಜೆಗೆ ಧಾರವಾಡದಿಂದ ಬಂದಿದ್ದಾಳೆ. ಮೊನ್ನೆ ಕಥೆಯೊಂದನ್ನು ಓದುತ್ತಿದ್ದವಳು, “ಮೌಶಿ, ‘ದರ್ಶಿನಿಯಲ್ಲಿ ಸಿಗೋಣ’ ಅಂತ ಬರದಾರ. ದರ್ಶಿನಿ ಅಂದ್ರ ಏನು, ಊರೇನು?” ಎಂದು ಕೇಳಿದಳು. ನಿಂತುಕೊಂಡು ತಿಂಡಿ ತಿನ್ನುವ ಹೋಟೆಲು ಅಂತ ಹೇಳಿದೆ. ಆಮೇಲೆ ಮನೆಯಲ್ಲಿದ್ದ ನಿಘಂಟು ತೆಗೆದರೆ ‘ತೋರಿಸುವಂಥದು, ಕೈಪಿಡಿ’ ಅಂತಷ್ಟೇ ಇದೆ. ಬೆಂಗಳೂರಿನಲ್ಲಿ ದಿನಕ್ಕೆ ನಾಲ್ಕು ಸಲ ಬಾಯಿಗೆ ಬರುವ ಪದಕ್ಕೆ ಆ ಅರ್ಥವೇ ಇಲ್ಲವೆಂದರೆ ಹೇಗೆ? ಯಾವ ಪದವನ್ನು ಒಳಗೆ ಬಿಡಬೇಕು ಎಂದು ನಿಘಂಟಿನವರು ಹೇಗೆ ತೀರ್ಮಾನಿಸುತ್ತಾರೆ?

ಸುಮಾ, ಬಸವನಗುಡಿ

*

ಸುಮಾ ಅವರೇ, ಇದಕ್ಕೆ ಲೆಕ್ಕ ಇದೆ. ಪದ ಐದು ವರ್ಷ ಬಳಕೆಯಲ್ಲಿರಬೇಕು, ಐದು ಕಡೆ ಅಚ್ಚಾಗಿರಬೇಕು. ಅಷ್ಟಾದರೆ ಸೇರಿಸಲೇಬೇಕು. ಈಗಂತೂ ಕಷ್ಟವೇ ಇಲ್ಲ, ಅಂತರಜಾಲದಲ್ಲಿ ಹುಡುಕಿದರೆ ‘ದರ್ಶಿನಿ’ ರಾಶಿ ರಾಶಿ ಸಿಗುತ್ತದೆ. ಇಷ್ಟು ಸಾಕ್ಷಿ ಇದ್ದೂ ಸೇರಿಸಿಲ್ಲವೆಂದರೆ ಸೋಮಾರಿತನ, ಇನ್ನೇನಲ್ಲ.

ನಾಗರಾಜ್

*

ದರ್ಶಿನಿ ಅಂದರೆ ದರ್ಶನ ಕೊಡುವುದು. ಅಡುಗೆಮನೆ ಗಿರಾಕಿಗಳ ಕಣ್ಣಿಗೆ ಕಾಣುವಂತೆ ತೆರೆದಿರುತ್ತದೆ, ಅದಕ್ಕೇ ಆ ಹೆಸರು. ಇದರಲ್ಲಿ ಚರ್ಚೆ ಮಾಡುವುದಕ್ಕೆ ಏನಿದೆ? ಜಯನಗರದಲ್ಲಿ ನಾನು ಮೊದಲು ನೋಡಿದಾಗ ಕೂರುವುದಕ್ಕೆ ಜಾಗವಿಲ್ಲ ಅಂತ ನಮ್ಮಪ್ಪ ಬೈದುಕೊಂಡೇ ಎರಡು ಪ್ಲೇಟ್ ಇಡ್ಲಿ ತಿಂದರು. ಈಗ ಬೈ ಟು ಕಾಫಿ ಕೇಳಿದರೆ ಮುಖ ನೋಡುತ್ತಾರೆ. ಒಳ್ಳೆಯ ದರ್ಶಿನಿ ಬೇಕಿದ್ದರೆ ಹೇಳಿ, ವಿಳಾಸ ಕೊಡುತ್ತೇನೆ.

ಮೂರ್ತಿ

*

ಸುಮಾ,

ನಾನು ಕೆಲವು ವರ್ಷ ನಿಘಂಟಿನ ಕೆಲಸದಲ್ಲಿ ಚೀಟಿ ಬರೆದವಳು, ಅಂದರೆ ಪದ ಬಳಕೆಯಾದ ವಾಕ್ಯಗಳನ್ನು ಸಾಕ್ಷಿಯಾಗಿ ಒಂದೊಂದು ಚೀಟಿಗೆ ಇಳಿಸಿದವಳು. ಮೊದಲು ನಾಗರಾಜ್ ಅವರ ರಾಶಿಯ ವಿಷಯಕ್ಕೆ ಬರುತ್ತೇನೆ. ನಿನ್ನೆ ಸಂಜೆ ನಾನೂ ಹುಡುಕಿ, ಸಿಕ್ಕಿದ ಮೊದಲ 50 ವಾಕ್ಯಗಳನ್ನು ಒಂದೊಂದಾಗಿ ಓದಿದೆ. ಹೆಚ್ಚಿನವು ಹೋಟೆಲಿನ ಬೋರ್ಡಿನ ಹೆಸರುಗಳು. ಕೆಲವು ಹೆಣ್ಣುಮಕ್ಕಳ ಹೆಸರುಗಳು, ಇನ್ನು ಕೆಲವು ‘ಮಾರ್ಗದರ್ಶಿನಿ’ಯ ಬಾಲ. ನಮಗೆ ಬೇಕಾದ ಅರ್ಥ ಇದ್ದದ್ದು 4ರಲ್ಲಿ ಮಾತ್ರ. ಆ 4ರಲ್ಲೂ ಎರಡು ಒಂದೇ ಸುದ್ದಿ, ಬೇರೆ ಬೇರೆ ಪತ್ರಿಕೆಯಲ್ಲಿ ಅಕ್ಷರವೂ ಬದಲಾಗದೆ ಬಂದದ್ದು. ಅದನ್ನು ಒಂದೇ ಸಾಕ್ಷಿ ಎಂದು ಎಣಿಸಬೇಕು. ಅಲ್ಲಿಗೆ ಉಳಿದದ್ದು 3.

ಇಲ್ಲಿ ನೋಡಬೇಕಾದದ್ದು ಅಂಕಿತನಾಮ ರೂಢನಾಮವಾಗಿದೆಯೋ ಇಲ್ಲವೋ ಎಂಬುದನ್ನು. 1980ರ ದಶಕದಲ್ಲಿ ಈ ನಮೂನೆಯ ಹೋಟೆಲುಗಳು ಬಂದಾಗ ‘ದರ್ಶಿನಿ’ ಬೋರ್ಡಿನ ಮೇಲಿನ ಹೆಸರಾಗಿತ್ತು. ಹೆಸರು ಪದವಾಗುವುದು ಒಂದೇ ದಿನಕ್ಕಲ್ಲ, ಅದರ ಹೆಜ್ಜೆಗಳು ಬರವಣಿಗೆಯಲ್ಲಿ ಕಾಣುತ್ತವೆ. ಮೊದಲು ಬರೆಯುವವರು ‘ದರ್ಶಿನಿ ಮಾದರಿಯ ಹೋಟೆಲು’ ಎನ್ನುತ್ತಾರೆ. ಹೋಟೆಲು ಎಂಬ ಊರುಗೋಲು ಇನ್ನೂ ಬೇಕು. ಆಮೇಲೆ ‘ನಿಂತು ತಿನ್ನುವ ದರ್ಶಿನಿಗಳು’ ಎಂದು ಬರುತ್ತದೆ. ಬಹುವಚನ ಹತ್ತಿತು, ಆದರೆ ಓದುಗನಿಗೆ ಗೊತ್ತಿರಲಿಕ್ಕಿಲ್ಲ ಎಂದು ವಿವರಣೆ ಪಕ್ಕದಲ್ಲೇ ಇದೆ. ಕೊನೆಗೆ ‘ತಿರುವಿನ ದರ್ಶಿನಿಯಲ್ಲಿ ಕಾಫಿ ಕುಡಿದು ಬಸ್ಸು ಹತ್ತಿದ’ ಎಂಬಂಥ ವಾಕ್ಯ. ವಿವರಣೆ ಇಲ್ಲ, ಉದ್ಧರಣ ಚಿಹ್ನೆ ಇಲ್ಲ, ಯಾವ ದರ್ಶಿನಿ ಎಂಬ ಹೆಸರೂ ಇಲ್ಲ. ನಿಘಂಟಿನವರು ಕಾಯುವುದು ಈ ಮೂರನೆಯ ನಮೂನೆಯ ವಾಕ್ಯಕ್ಕೆ. ನಿಮ್ಮ ಅಕ್ಕನ ಮಗಳು ಓದಿದ ಕಥೆಯಲ್ಲಿ ಸಿಕ್ಕಿದ್ದು ಅದೇ, ಹಾಗಾಗಿ ಅದೊಂದು ಒಳ್ಳೆಯ ಚೀಟಿ. ನನ್ನ ಮೂರರಲ್ಲಿ ಅಂಥದ್ದು ಒಂದೇ.

ಐದು ವರ್ಷ, ಐದು ಕಡೆ ಎನ್ನುವುದು ಪೂರ್ತಿ ಸುಳ್ಳಲ್ಲ. ಬೇರೆ ಬೇರೆ ಲೇಖಕರು, ಬೇರೆ ಬೇರೆ ಬಗೆಯ ಬರಹ, ನಡುವೆ ಒಂದಷ್ಟು ವರ್ಷ, ಇವನ್ನು ಎಲ್ಲರೂ ನೋಡುತ್ತಾರೆ. ಆದರೆ ಅದು ಕಟ್ಟಳೆಯಲ್ಲ. ಕೋವಿಡ್-19 ಎಂಬ ಹೆಸರನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಫೆಬ್ರವರಿ 11ರಂದು ಇಟ್ಟಿತು. ಮೆರಿಯಮ್-ವೆಬ್‌ಸ್ಟರ್ ನಿಘಂಟು ಅದನ್ನು ಮಾರ್ಚ್‌ನಲ್ಲೇ ಸೇರಿಸಿತು. ಅಷ್ಟು ಹೊತ್ತಿಗೆ ಪದ ಎಲ್ಲೆಡೆ ಹಬ್ಬಿತ್ತು, ಅರ್ಥದಲ್ಲಿ ಗೊಂದಲವಿರಲಿಲ್ಲ, ಮರೆಯಾಗುವ ಲಕ್ಷಣವೂ ಇರಲಿಲ್ಲ. ವರ್ಷ ಎಣಿಸುವುದೇ ಆ ಕೊನೆಯದನ್ನು ತಿಳಿಯುವುದಕ್ಕೆ.

ಇನ್ನು ಸೋಮಾರಿತನ. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರವರೆಗೆ ಬಂದವು. ಹಾಗೆ ಅಕಾರಾದಿಯಾಗಿ ಬರುವ ನಿಘಂಟಿನಲ್ಲಿ ಒಂದು ಅಕ್ಷರದ ಸಂಪುಟ ಅಚ್ಚಿಗೆ ಹೋದಮೇಲೆ ಹುಟ್ಟಿದ ಪದ ಮುಂದಿನ ಪರಿಷ್ಕರಣೆಯವರೆಗೆ ಹೊರಗೇ ನಿಲ್ಲಬೇಕು. ಜೊತೆಗೆ ಇಂಥ ಪದ ಮೊದಲು ಬಾಯಲ್ಲಿ ಬೆಳೆಯುತ್ತದೆ, ಚೀಟಿ ಸಿಗುವುದು ಅಚ್ಚಿನಲ್ಲಿ.

ಮೂರ್ತಿಯವರ ಅಡುಗೆಮನೆಯ ಕಥೆ ನಾನೂ ಕೇಳಿದ್ದೇನೆ. ಚೆನ್ನಾಗಿದೆ. ಆದರೆ ಆ ಹೆಸರು ಇಟ್ಟವರೇ ಆಗ ಹಾಗೆ ಹೇಳಿದ್ದು ಅಚ್ಚಿನಲ್ಲಿ ಸಿಗದ ಹೊರತು ವ್ಯುತ್ಪತ್ತಿಯ ಜಾಗದಲ್ಲಿ ಅದನ್ನು ಬರೆಯಲಾರೆ.

ಪದ್ಮಾ

*

ಮೇಡಂ, ಹಾಗಾದರೆ ನನ್ನ ಪದದ ಗತಿ? ಚಾರ್ಜರಿಗೆ ‘ತುಂಬುಗ’ ಎಂದು ನಾನು ಟಂಕಿಸಿದ್ದು. ನನ್ನ ಹನ್ನೆರಡು ಲೇಖನಗಳಲ್ಲಿ ಬಳಸಿದ್ದೇನೆ. ಒಂದು ಪದಪಟ್ಟಿಯಲ್ಲೂ ಬಂದಿದೆ. ಹೋಟೆಲಿನ ಬೋರ್ಡಿಗೆ ಇಷ್ಟು ಉಪಚಾರ, ಅಚ್ಚ ಕನ್ನಡದ ಪದಕ್ಕೆ ಬಾಗಿಲು ಬಂದ್!

ಶಿವಲಿಂಗಪ್ಪ

*

ಶಿವಲಿಂಗಪ್ಪನವರೇ, ಹನ್ನೆರಡು ಚೀಟಿಯಲ್ಲೂ ಕೈ ನಿಮ್ಮದೇ. ಪದಪಟ್ಟಿಯಲ್ಲಿರುವುದು ‘ಚಾರ್ಜರಿಗೆ ತುಂಬುಗ ಎನ್ನಬಹುದು’ ಎಂಬ ಸಲಹೆ, ಅದು ಬಳಕೆಯಲ್ಲ. ನಿಮ್ಮ ಪರಿಚಯವೇ ಇಲ್ಲದ ಯಾರಾದರೂ ‘ತುಂಬುಗ ಮನೆಯಲ್ಲೇ ಮರೆತೆ’ ಎಂದು ಬರೆದದ್ದು ಕಂಡರೆ ದಯವಿಟ್ಟು ಕಳಿಸಿ, ತಮಾಷೆಗೆ ಹೇಳುತ್ತಿಲ್ಲ. ಚಾರ್ಜರ್‌ಗೆ ಅಂಥ ವಾಕ್ಯ ಕನ್ನಡದಲ್ಲಿ ಬೇಕಾದಷ್ಟಿದೆ, ಹಾಗಾಗಿ ಅದು ಮೊದಲು ಒಳಗೆ ಬರುತ್ತದೆ. ಪದ ಯಾವ ಕುಲದ್ದು ಎಂದು ಕೇಳುವ ಕೆಲಸ ಚೀಟಿ ಬರೆಯುವವರದಲ್ಲ.

ಪದ್ಮಾ

*

ಪದ್ಮಾ ಮೇಡಂ ಒಪ್ಪಿದರೂ ನನಗೆ ಒಂದು ತಕರಾರು. ಇದು ಬೆಂಗಳೂರಿನ ಪದ. ಹುಬ್ಬಳ್ಳಿಯಲ್ಲಿ ಖಾನಾವಳಿ ಅನ್ನುತ್ತಾರೆ, ದರ್ಶಿನಿ ಅಲ್ಲ. ಒಂದು ಊರಿನ ಪದವನ್ನು ಕನ್ನಡದ ಪದ ಅಂತ ಹೇಗೆ ಸೇರಿಸುವುದು?

ನಾಗರಾಜ್

*

ಖಾನಾವಳಿಯಲ್ಲಿ ಕೂತು ಊಟ ಮಾಡುತ್ತಾರೆ, ಅದೇ ಬೇರೆ ಇದೇ ಬೇರೆ. ಒಂದು ಸೀಮೆಯ ಪದ ಎನ್ನುವುದು ಹೊರಗಿಡಲು ಕಾರಣವಲ್ಲ. ಪಕ್ಕದಲ್ಲಿ ಸೀಮೆಯ ಗುರುತು ಹಾಕಿದರಾಯಿತು. ಶಾಲೆಯ ಮಕ್ಕಳ ಪುಟ್ಟ ನಿಘಂಟಾದರೆ ಜಾಗ ನೋಡಿ ಬಿಡಬಹುದು, ದೊಡ್ಡದರಲ್ಲಿ ಬಿಡುವ ಹಾಗಿಲ್ಲ.

ನನಗೆ ಬಗೆಹರಿಯದ್ದು ಇನ್ನೊಂದು. ಇದನ್ನು ಹಳೆಯ ‘ದರ್ಶಿನಿ’ಯ ಕೆಳಗೆ ಇನ್ನೊಂದು ಅರ್ಥವಾಗಿ ಕೊಡಬೇಕೆ, ಬೇರೆಯೇ ಪದವೆಂದು ಪ್ರತ್ಯೇಕ ಉಲ್ಲೇಖ ಮಾಡಬೇಕೆ? ಮೂಲ ಸಂಸ್ಕೃತ ಪದ ಒಂದೇ, ಆ ಲೆಕ್ಕದಲ್ಲಿ ಒಂದೇ ಉಲ್ಲೇಖ ಸಾಕು. ಆದರೆ ‘ಕೈಪಿಡಿ’ ಎಂಬ ಅರ್ಥ ಹಿಗ್ಗಿ ‘ಹೋಟೆಲು’ ಆದದ್ದಲ್ಲ. ನಡುವೆ ಒಂದು ಬೋರ್ಡು ಇದೆ. ನಾನಾದರೆ ಬೇರೆ ಉಲ್ಲೇಖ ಕೊಡುತ್ತೇನೆ. ನನ್ನ ಜೊತೆ ಕೆಲಸ ಮಾಡಿದವರೊಬ್ಬರಿಗೆ ನಿನ್ನೆ ಫೋನು ಮಾಡಿದರೆ ಒಪ್ಪಲಿಲ್ಲ. “ಪ್ರತಿ ಬೋರ್ಡಿಗೂ ಒಂದೊಂದು ಮನೆ ಕಟ್ಟಿಸಿ ಕೊಡ್ತೀಯಾ?” ಎಂದರು.

ಪದ್ಮಾ

*

ಪದ್ಮಾ ಮೇಡಂ, ಮನೆಯಲ್ಲಿ ಹಳೆಯ ವಾರಪತ್ರಿಕೆಗಳ ಕಟ್ಟು ಇದೆ, ಅಪ್ಪ ಎಸೆಯಲು ಬಿಟ್ಟಿರಲಿಲ್ಲ. ಅಕ್ಕನ ಮಗಳು ನಿನ್ನೆಯಿಂದ ಅದರ ಮುಂದೆಯೇ ಕೂತಿದ್ದಾಳೆ. ಈವರೆಗೆ ಸಿಕ್ಕಿದ್ದು ಎರಡು. ಒಂದರಲ್ಲಿ ‘ದರ್ಶಿನಿ’ ಉದ್ಧರಣ ಚಿಹ್ನೆಯೊಳಗೆ ಇದೆ, ಇನ್ನೊಂದು ಹೋಟೆಲಿನ ಜಾಹೀರಾತು. ಜಾಹೀರಾತನ್ನು ಚೀಟಿಗೆ ತೆಗೆದುಕೊಳ್ಳಬಹುದೆ?

ಸುಮಾ

*

ಬೋರ್ಡಿನ ಹೆಸರಷ್ಟೇ ಇದ್ದರೆ ಬೇಡ. ‘ನಿಮ್ಮ ಬಡಾವಣೆಯ ಹೊಸ ದರ್ಶಿನಿ’ ಅಂತೇನಾದರೂ ಇದ್ದರೆ ಬೇಕು. ಎರಡರದ್ದೂ ಸಂಚಿಕೆಯ ತಾರೀಖು, ಪುಟಸಂಖ್ಯೆ ಬರೆಸಿಡಿ. ಚಿಹ್ನೆಯೊಳಗಿನದನ್ನೂ ಎಸೆಯಬೇಡಿ, ಪದ ಆಗ ಇನ್ನೂ ಹೊಸದಾಗಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ.

ಪದ್ಮಾ