ಕ್ಯೂಆರ್ ಸ್ಕ್ಯಾನ್ ಪ್ರಿವ್ಯೂನಲ್ಲಿ gov.in ಕಾಣ್ತಿದೆ, ಆದರೂ ಅನುಮಾನ. ಸ್ಕ್ರೀನ್‌ಶಾಟ್ ಓದಿ ಹೇಳ್ತೀರಾ?

ಹುಲೇಕಲ್ ಹುಡುಗಿ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಿನ್ನೆ ಅಪ್ಪಯ್ಯ ಕಾರವಾರಕ್ಕೆ ಹೋಗಿದ್ದರು. ಟ್ಯಾಗೋರ್ ಬೀಚಿನ ಹತ್ತಿರ ಕಾರು ನಿಲ್ಲಿಸಿ, ಕೆಲಸ ಮುಗಿಸಿ ಬಂದಾಗ ವೈಪರ್‌ಗೆ ಒಂದು ಚೀಟಿ ಸಿಕ್ಕಿಸಿತ್ತಂತೆ. ನೋ ಪಾರ್ಕಿಂಗ್, 500 ರೂಪಾಯಿ ದಂಡ, 24 ಗಂಟೆಯೊಳಗೆ ಕಟ್ಟದಿದ್ದರೆ ದುಪ್ಪಟ್ಟು ಅಂತ ಬರೆದಿದೆ. ಕೆಳಗೆ ಕ್ಯೂಆರ್ ಕೋಡ್. ನಮ್ಮ ಕೆಎ 31 ನಂಬರನ್ನು ಪೆನ್ನಿನಲ್ಲಿ ಬರೆದಿದ್ದಾರೆ.

ಅಪ್ಪಯ್ಯ ಕ್ಯಾಮೆರಾ ಹಿಡಿದು, ಪೇಜ್ ತೆರೆಯುವ ಮೊದಲು ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿದರು. ಕೋಡ್ ಕೆಳಗಿನ ಪಟ್ಟಿಯಲ್ಲಿ ಇಷ್ಟು ಕಾಣುತ್ತದೆ:

```
echallan.parivahan.gov.in-…
```

ಪರಿವಾಹನ್ ಹೆಸರೂ ಇದೆ, gov.in ಕೂಡ ಇದೆ. ಸರಿ ಇರಬೇಕು ಅನಿಸ್ತಿದೆ. ಆದರೆ ಕೊನೆಯ ಮೂರು ಚುಕ್ಕೆ ನೋಡಿ ಅನುಮಾನ. ಕಟ್ಟಲು ಹೇಳಲಾ, ಬೇಡವಾ?

ಕುಮಟಾ ಮಾಸ್ತರು

ತಂಗೀ, ವಿಳಾಸವನ್ನು ಯಾವಾಗಲೂ ಬಲಗಡೆಯಿಂದ ಓದಬೇಕು. ಕೊನೆಯಲ್ಲಿ ಏನಿದೆಯೋ ಅದೇ ನಿಜವಾದ ಮಾಲೀಕ. ನಿಮ್ಮದರಲ್ಲಿ ಕೊನೆಗೆ gov.in ಇದೆ. gov.in ಎಂಬುದು ಸರ್ಕಾರಿ ಸಂಸ್ಥೆಗಳಿಗೆ ಬಿಟ್ಟು ಬೇರೆ ಯಾರಿಗೂ ಸಿಗುವುದಿಲ್ಲ. ಹಾಗಾಗಿ ಇದು ಸರಿಯಾದದ್ದೇ.

ಹೊನ್ನಾವರ ಅಂಗಡಿ

ನಮ್ಮ ಅಂಗಡಿಯಲ್ಲೂ ಇದೇ ಆಯಿತು. ಕೌಂಟರಿನ ಕ್ಯೂಆರ್ ಮೇಲೆ ಯಾರೋ ಬೇರೆ ಸ್ಟಿಕ್ಕರ್ ಅಂಟಿಸಿ ಹೋಗಿದ್ದರು. ಅರ್ಧ ದಿನದ ದುಡ್ಡು ಬೇರೆಯವರ ಖಾತೆಗೆ ಹೋಯಿತು. ಸ್ಕ್ಯಾನ್ ಮಾಡಿದಾಗ ಯಾರ ಹೆಸರು ಬರುತ್ತದೆ ಅಂತ ನೋಡಲು ಅಪ್ಪನಿಗೆ ಹೇಳಿ.

ಕಾಳಿ ದಂಡೆ (ಕಾರವಾರ)

ಸದ್ಯ ಕಟ್ಟಬೇಡಿ. ಕಾರಣ ಹೇಳ್ತೀನಿ. ನಾನು ಡೊಮೇನ್, ಹೋಸ್ಟಿಂಗ್ ಕೆಲಸ ಮಾಡುವವ. ದಿನಾ ಇಂಥ ವಿಳಾಸಗಳನ್ನೇ ನೋಡ್ತಿರ್ತೀನಿ.

ಸ್ಕ್ರೀನ್‌ಶಾಟನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ, gov.in ಆದ ತಕ್ಷಣ ಏನಿದೆ ನೋಡಿ. ಒಂದು ಸಣ್ಣ ಅಡ್ಡಗೀಟು ಇದೆ. ಅಸಲಿ ವಿಳಾಸದಲ್ಲಿ in ಆದ ಮೇಲೆ ಒಂದೋ ಏನೂ ಇರುವುದಿಲ್ಲ, ಇಲ್ಲ ಸ್ಲ್ಯಾಶ್ ಬರುತ್ತದೆ. ಅಡ್ಡಗೀಟು ಬಂತು ಅಂದರೆ ಹೆಸರು ಇನ್ನೂ ಮುಗಿದಿಲ್ಲ. ಆ in ಎಂಬುದು ಮುಂದಿನ ಪದಕ್ಕೆ ಅಂಟಿಕೊಂಡಿದೆ. ಆ ಪದವನ್ನು ಫೋನು ಕತ್ತರಿಸಿ ಮೂರು ಚುಕ್ಕೆ ಹಾಕಿದೆ.

ಪೂರ್ತಿ ವಿಳಾಸ ಬೇಕು. ಅಪ್ಪಯ್ಯನ ಹತ್ತಿರ ಚೀಟಿಯ ಫೋಟೋ ಇದ್ದರೆ ಅದೇ ಸಾಕು, ಚೀಟಿ ಬೇಡ. ಫೋಟೋ ತರಿಸಿಕೊಂಡು ಗ್ಯಾಲರಿಯಲ್ಲಿ ಲೆನ್ಸ್ ಒತ್ತಿ. ಕೋಡ್ ಮೇಲೆ ಲಿಂಕ್ ಬರುತ್ತದೆ. ಅದನ್ನು ತೆರೆಯಬೇಡಿ, ಯುಆರ್‌ಎಲ್ ಕಾಪಿ ಮಾಡುವ ಆಯ್ಕೆ ಒತ್ತಿ, ನೋಟ್ಸ್‌ನಲ್ಲಿ ಪೇಸ್ಟ್ ಮಾಡಿ. ಬ್ರೌಸರಿನ ಪಟ್ಟಿಯಲ್ಲಿ ಪೇಸ್ಟ್ ಮಾಡಬೇಡಿ, ಕೈ ತಪ್ಪಿ ಎಂಟರ್ ಆದರೆ ತೆರೆದುಕೊಳ್ಳುತ್ತದೆ.

ಹೊನ್ನಾವರದವರೇ, ನಿಮ್ಮದು ಬೇರೆ ಜಾತಿಯ ಕೋಡ್. ಅದರೊಳಗೆ ವೆಬ್ ವಿಳಾಸ ಇರುವುದಿಲ್ಲ, `upi://pay?pa=` ಅಂತ ಶುರುವಾಗುತ್ತದೆ. pa ಮುಂದೆ ಇರುವುದು ದುಡ್ಡು ಹೋಗುವ ಐಡಿ. pn ಮುಂದೆ ಇರುವ ಹೆಸರನ್ನು ಕೋಡ್ ಮಾಡಿದವರು ಏನು ಬೇಕಾದರೂ ಬರೆಯಬಹುದು. ಹಾಗಾಗಿ ಪಿನ್ ಹಾಕುವ ಮೊದಲು ಬ್ಯಾಂಕ್ ಖಾತೆಯಲ್ಲಿ ಇರುವುದು ಅಂತ ಆ್ಯಪ್ ತೋರಿಸುವ ಹೆಸರು ನೋಡಿಕೊಳ್ಳಿ ಅಂತ ಗಿರಾಕಿಗಳಿಗೆ ಹೇಳಿ.

ಹುಲೇಕಲ್ ಹುಡುಗಿ

ಸಿಕ್ಕಿತು! ನೋಟ್ಸ್‌ನಲ್ಲಿ ಪೂರ್ತಿ ಬಂತು. ಇಲ್ಲಿ ಯಾರೂ ತಪ್ಪಿ ಒತ್ತಬಾರದು ಅಂತ ಹೆಸರು ಸ್ವಲ್ಪ ಬದಲಿಸಿ, ಕೊನೆಯ ಪದದ ಜಾಗದಲ್ಲಿ example ಹಾಕಿದ್ದೇನೆ. ಆಕಾರ ಹಾಗೇ ಇದೆ.

```
https://echallan.parivahan.gov.in-dues.example/ka31/parivahan.gov.in
```

ಕೊನೆಗೆ ಮತ್ತೆ ಒಂದು ಸಲ parivahan.gov.in ಬಂದಿದೆ. ಮಾಸ್ತರು ಹೇಳಿದ ಹಾಗೆ ಬಲಗಡೆಯಿಂದ ಓದಿದರೆ ಸರ್ಕಾರದ್ದೇ ಆಯ್ತಲ್ಲ? ಈಗ ಇನ್ನೂ ಗೊಂದಲ.

ಕಾಳಿ ದಂಡೆ

ಮಾಸ್ತರು ಹೇಳಿದ್ದರಲ್ಲಿ ಎರಡು ಮಾತು ಸರಿ. gov.in ಸರ್ಕಾರಕ್ಕೆ ಮಾತ್ರ ಸಿಗುತ್ತದೆ, ಬಲದಿಂದ ಓದಬೇಕು ಅನ್ನುವುದೂ ನಿಜ. ಎಲ್ಲಿಂದ ಶುರು ಮಾಡಬೇಕು ಅನ್ನುವುದು ಮಾತ್ರ ಬಿಟ್ಟುಹೋಗಿದೆ. ಇಡೀ ಸಾಲಿನ ಬಲತುದಿಯಿಂದ ಅಲ್ಲ.

ಹೀಗೆ ಮಾಡಿ. `https://` ಬಿಟ್ಟುಬಿಡಿ. ಅದಾದ ಮೇಲೆ ಮೊದಲ ಸ್ಲ್ಯಾಶ್ ಎಲ್ಲಿದೆಯೋ ಅಲ್ಲಿ ಬೆರಳಿಡಿ. ನಿಮ್ಮದರಲ್ಲಿ example ಆದ ತಕ್ಷಣ ಇದೆ. ಬೆರಳಿನ ಬಲಕ್ಕೆ ಇರುವುದೆಲ್ಲ ಆ ತಾಣದ ಒಳಗಿನ ಕೋಣೆಗಳು. ತಾಣದವರು ಅಲ್ಲಿ parivahan.gov.in ಅಂತ ಬೇಕಾದರೂ ಬರೆದುಕೊಳ್ಳಬಹುದು, ನಿಮ್ಮ ಹೆಸರು ಬೇಕಾದರೂ ಬರೆಯಬಹುದು. ಲೆಕ್ಕಕ್ಕಿಲ್ಲ.

ಈಗ ಬೆರಳಿನಿಂದ ಎಡಕ್ಕೆ ಬನ್ನಿ. ಮೊದಲು example. ಒಂದು ಚುಕ್ಕೆ ದಾಟಿ, in-dues. ಅಲ್ಲಿಗೆ ನಿಲ್ಲಿ. ಈ ತಾಣದ ಹೆಸರು `in-dues.example`. ಯಾರೋ ದುಡ್ಡು ಕೊಟ್ಟು ಕೊಂಡಿರುವುದು ಅದನ್ನು ಮಾತ್ರ. ಅದರ ಎಡಕ್ಕಿರುವ echallan, parivahan, gov ಎಲ್ಲ ಅವರೇ ಬಿಟ್ಟಿಯಾಗಿ ಸೇರಿಸಿಕೊಂಡ ಉಪಹೆಸರುಗಳು. ಹೆಸರು ಕೊಂಡವರು ಅದರ ಹಿಂದೆ ಏನು ಬೇಕಾದರೂ ಅಂಟಿಸಬಹುದು, ಯಾರನ್ನೂ ಕೇಳಬೇಕಿಲ್ಲ.

ನಮ್ಮ ಅಂಚೆ ವಿಳಾಸದ ಹಾಗೇ ಇದು. ಮನೆ, ಕೇರಿ, ಊರು, ತಾಲೂಕು, ಜಿಲ್ಲೆ. ದೊಡ್ಡದು ಕೊನೆಗೆ. ಧಾರವಾಡದಲ್ಲಿ ಯಾರೋ ತಮ್ಮ ಮನೆಗೆ ಕಾರವಾರ ಅಂತ ಹೆಸರಿಟ್ಟರೆ ಆ ಮನೆ ಕಡಲ ದಂಡೆಗೆ ಬರುವುದಿಲ್ಲ ಅಲ್ವಾ?

ಅಸಲಿಯನ್ನು ಹೀಗೇ ಓದಿ ನೋಡಿ: `echallan.parivahan.gov.in/`. ಸ್ಲ್ಯಾಶಿನಿಂದ ಎಡಕ್ಕೆ in, gov, parivahan. gov.in ಅಥವಾ co.in ಇದ್ದಾಗ ಎರಡು ತುಂಡನ್ನೂ ಸೇರಿಸಿ ಒಂದೇ ಬಾಲ ಅಂತ ಇಟ್ಟುಕೊಂಡು, ಅದರ ಎಡದ ಪದವನ್ನು ಹೆಸರು ಅಂತ ಓದಬೇಕು. ಒಂದು ಎಚ್ಚರ, co.in ಯಾರು ಬೇಕಾದರೂ ಕೊಳ್ಳಬಹುದು.

ಕುಮಟಾ ಮಾಸ್ತರು

ಮೊದಲ ಸ್ಲ್ಯಾಶಿನ ಮಾತು ನನಗೆ ಹೊಳೆದಿರಲಿಲ್ಲ. ಇಷ್ಟು ದಿನ ಸಾಲಿನ ತುದಿಯನ್ನೇ ನೋಡುತ್ತಿದ್ದೆ. ತಂಗೀ, ಅವಸರದಲ್ಲಿ ಸರಿ ಇದೆ ಎಂದುಬಿಟ್ಟೆ, ತಪ್ಪಾಯಿತು.

ಆದರೆ https ಇದೆಯಲ್ಲ, ಬೀಗದ ಗುರುತು ಬರುತ್ತದೆ. ಅದಕ್ಕೆ ಬೆಲೆ ಇಲ್ಲವೇ?

ಕಾಳಿ ದಂಡೆ

ಇದೆ ಮಾಸ್ತರೇ, ಬೇರೆ ವಿಷಯಕ್ಕೆ. ನಿಮ್ಮ ಫೋನಿಗೂ ಆ ತಾಣಕ್ಕೂ ನಡುವೆ ಯಾರೂ ಕದ್ದು ಓದುವುದಿಲ್ಲ ಅನ್ನುವುದಕ್ಕೆ. ಆ ಕಡೆ ಕೂತವನು ಯಾರು ಅಂತ ಅದು ಹೇಳುವುದಿಲ್ಲ. ಈಗ ಆ ಸರ್ಟಿಫಿಕೇಟ್ ಬಿಟ್ಟಿಯಾಗಿ, ಕೆಲವೇ ನಿಮಿಷದಲ್ಲಿ ಸಿಗುತ್ತದೆ. ಮೋಸದ ತಾಣಕ್ಕೂ ಸಿಗುತ್ತದೆ.

ಹುಲೇಕಲ್ ಹುಡುಗಿ

ಈಗ ಅರ್ಥವಾಯಿತು. ನನ್ನ ಫೋನಿನಲ್ಲಿ ಅದೇ ಫೋಟೋ ಇಟ್ಟು ನೋಡಿದೆ. ಇದರಲ್ಲಿ in-dues ಪೂರ್ತಿ ಕಾಣಿಸಿತು. ಅಪ್ಪಯ್ಯನ ಫೋನಿನಲ್ಲಿ ಅಕ್ಷರ ದೊಡ್ಡದಾಗಿ ಇಟ್ಟಿದ್ದೇವೆ, ಕಣ್ಣಿಗೆ ಕಷ್ಟ ಅಂತ. ಅದಕ್ಕೇ ಬೇಗ ಕತ್ತರಿಸಿದೆ. ಯಾರಿಗೆ ಜಾಸ್ತಿ ಕಾಣಬೇಕೋ ಅವರಿಗೇ ಕಡಿಮೆ ಕಾಣುತ್ತಿದೆ. ತುಂಬ ಬೇಜಾರಾಯಿತು.

ಇನ್ನೊಂದು. ಈಗಷ್ಟೇ ಕೇಳಿದೆ. ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಅಪ್ಪಯ್ಯ ಪೇಜ್ ತೆರೆದಿದ್ದರಂತೆ. ಕಾರ್ಡ್ ನಂಬರ್ ಕೇಳಿದ್ದಕ್ಕೆ ಮುಚ್ಚಿದ್ದಾರೆ. ಏನೂ ತುಂಬಿಲ್ಲ. ತೊಂದರೆ ಇದೆಯಾ?

ಕಾಳಿ ದಂಡೆ

ತೆರೆದು ಮುಚ್ಚಿದ್ದಷ್ಟೇ ಆದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಡೌನ್‌ಲೋಡ್ಸ್ ಫೋಲ್ಡರ್ ನೋಡಿ. `.apk` ಅಂತ ಮುಗಿಯುವ ಫೈಲ್ ಬಂದು ಕೂತಿದ್ದರೆ ಅದನ್ನು ಒತ್ತದೆ ಅಳಿಸಿ. ಚಲನ್ ಹೆಸರಿನಲ್ಲಿ ಇಂಥ ಆ್ಯಪ್ ಹಾಕಿಸುವುದು ಈಗ ಜಾಸ್ತಿ. ಒಂದು ವೇಳೆ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲಿ ದೂರು ಕೊಡಬೇಕು.

ದಂಡ ನಿಜವಾಗಿ ಇದೆಯಾ ಅಂತ ತಿಳಿಯಲು ಚೀಟಿಯ ಹಂಗು ಬೇಡ. ಬ್ರೌಸರಿನಲ್ಲಿ echallan.parivahan.gov.in ಅಂತ ನೀವೇ ಟೈಪ್ ಮಾಡಿ. ಗಾಡಿ ನಂಬರ್ ಹಾಕಿ, ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ 5 ಅಂಕಿ ಕೇಳಿದರೆ ಆರ್‌ಸಿ ನೋಡಿ ತುಂಬಿ.

ಕುಮಟಾ ಮಾಸ್ತರು

ಪ್ರಿವ್ಯೂ ಪೂರ್ತಿ ಕಂಡರೆ ಅದನ್ನು ಕಣ್ಣುಮುಚ್ಚಿ ನಂಬಬಹುದೇ?

ಕಾಳಿ ದಂಡೆ

ಬಹುಪಾಲು ನಂಬಬಹುದು, ಪೂರ್ತಿ ಅಲ್ಲ. 2018ರಲ್ಲಿ ಐಫೋನ್ ಕ್ಯಾಮೆರಾದಲ್ಲೇ ಒಂದು ದೋಷ ಸಿಕ್ಕಿತ್ತು. ವಿಳಾಸದ ನಡುವೆ `@` ಚಿಹ್ನೆ ಸೇರಿಸಿ ಬರೆದರೆ ಪ್ರಿವ್ಯೂನಲ್ಲಿ ಒಂದು ತಾಣದ ಹೆಸರು ತೋರಿಸಿ ತೆರೆಯುವಾಗ ಇನ್ನೊಂದಕ್ಕೆ ಹೋಗುತ್ತಿತ್ತು. ಆಮೇಲೆ ಅಪ್‌ಡೇಟ್ ಕೊಟ್ಟು ಸರಿ ಮಾಡಿದರು. ಈಗಲೂ ಸ್ಲ್ಯಾಶಿಗಿಂತ ಮೊದಲು `@` ಕಂಡರೆ, ಅದರ ಎಡಕ್ಕಿರುವುದನ್ನು ತಾಣದ ಹೆಸರು ಅಂತ ಓದಬೇಡಿ. ನಿಜವಾದ ತಾಣ ಅದರ ಬಲಕ್ಕೆ ಇರುತ್ತದೆ.

ಇನ್ನೊಂದು ಮಿತಿ, ಚಿಕ್ಕ ಲಿಂಕುಗಳು. ಪ್ರಿವ್ಯೂನಲ್ಲಿ bit.ly ಅಂತ ಬಂದರೆ ಅದು ನಡುದಾರಿಯ ವಿಳಾಸ, ಮುಟ್ಟುವ ಜಾಗ ಅಲ್ಲ. ಸ್ಕ್ರೀನ್‌ಶಾಟ್ ಎಷ್ಟು ದೊಡ್ಡದು ಮಾಡಿದರೂ ಗೊತ್ತಾಗುವುದಿಲ್ಲ.

ಗೋಕರ್ಣ ಹೋಂಸ್ಟೇ

ನನ್ನ ತಲೆಬಿಸಿ ಅದೇ. ಊಟದ ಮೆನುವಿಗೆ ಅಂತ ಟೇಬಲ್ ಕಾರ್ಡ್‌ಗಳಲ್ಲಿ ಕ್ಯೂಆರ್ ಹಾಕಿಸಿದ್ದೇನೆ. ಪ್ರಿಂಟ್ ಮಾಡಿಕೊಟ್ಟವರು ಚಿಕ್ಕ ಲಿಂಕ್ ಇಟ್ಟಿದ್ದಾರೆ. ಈಗ ಬರುವ ಹುಡುಗರು ಪ್ರಿವ್ಯೂ ನೋಡಿ, ಇದು ನಿಮ್ಮದೇನಾ ಅಕ್ಕ ಅಂತ ಕೇಳ್ತಾರೆ. ಕೇಳುವುದು ಸರಿಯೇ. ನಾನು ಏನು ಮಾಡಲಿ?

ಕಾಳಿ ದಂಡೆ

ನಿಮ್ಮ ಸ್ವಂತ ತಾಣದ ವಿಳಾಸವನ್ನೇ ನೇರವಾಗಿ ಕೋಡ್ ಮಾಡಿಸಿ. ಕಾರ್ಡಿನ ಮೇಲೆ ಅದೇ ವಿಳಾಸವನ್ನು ಅಕ್ಷರದಲ್ಲೂ ಬರೆಸಿ. ಬಂದವರು ಎರಡನ್ನೂ ತಾಳೆ ಹಾಕಿ ನೋಡಬಹುದು.

ಗೋಕರ್ಣ ಹೋಂಸ್ಟೇ

ಪ್ರಿಂಟಿನವರನ್ನು ಕೇಳಿದೆ. ವಿಳಾಸ ಉದ್ದವಾದರೆ ಚೌಕಗಳು ಸಣ್ಣದಾಗಿ ಒತ್ತೊತ್ತಾಗುತ್ತವೆ, ಇಷ್ಟು ಚಿಕ್ಕ ಕಾರ್ಡಿಗೆ ಸ್ಕ್ಯಾನ್ ಆಗುವುದಿಲ್ಲ ಅಂತಾರೆ. ಮೆನು ಬದಲಾದರೆ ಮತ್ತೆ ಪ್ರಿಂಟ್ ಮಾಡಿಸಬೇಕು ಅಂತಲೂ ಹೇಳಿದರು.

ಕಾಳಿ ದಂಡೆ

ಚೌಕದ ಮಾತು ನಿಜ. ಎರಡನೆಯದು ಹಾಗಲ್ಲ. ಕೋಡ್ ನಿಮ್ಮ ತಾಣದ `/menu` ಪುಟಕ್ಕೆ ಹೋದರೆ ಪುಟದ ಒಳಗೆ ನೀವು ದಿನಾ ಬದಲಿಸಬಹುದು, ಕೋಡ್ ಅದೇ ಇರುತ್ತದೆ. ಚಿಕ್ಕ ಲಿಂಕಿನಲ್ಲಿ ನನಗಿರುವ ಭಯ ಬೇರೆ. ಆ ಖಾತೆ ಪ್ರಿಂಟಿನವರ ಕೈಯಲ್ಲಿದೆ. ನಾಳೆ ಅವರು ಅದನ್ನು ಬೇರೆ ಕಡೆಗೆ ತಿರುಗಿಸಿದರೆ ನಿಮ್ಮ ಕಾರ್ಡಿನ ಮೇಲೆ ಏನೂ ಬದಲಾಗುವುದಿಲ್ಲ, ನಿಮಗೆ ತಿಳಿಯುವುದೂ ಇಲ್ಲ. ಆ ಖಾತೆಯನ್ನಾದರೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಗೋಕರ್ಣ ಹೋಂಸ್ಟೇ

ಖಾತೆ ಕೊಡಲು ಅವರು ಒಪ್ತಾರೋ ಇಲ್ವೋ. ಕೇಳಿ ನೋಡ್ತೇನೆ. ನಮ್ಮ ತಾಣದ ಹೆಸರೇ 30 ಅಕ್ಷರದ ಹತ್ತಿರ ಇದೆ, ಆ ಅಳತೆಯ ಕಾರ್ಡಿಗೆ ಹಿಡಿಸುತ್ತದಾ ಅಂತ ಯಾರಾದರೂ ಮಾಡಿ ನೋಡಿದವರು ಇದ್ದರೆ ಹೇಳಿ.

ಹುಲೇಕಲ್ ಹುಡುಗಿ

ಆರ್‌ಸಿ ಹಿಡಿದುಕೊಂಡು ಅಸಲಿ ತಾಣದಲ್ಲಿ ನೋಡಿದೆ. ನಮ್ಮ ಗಾಡಿ ಮೇಲೆ ಯಾವ ಚಲನ್ನೂ ಇಲ್ಲ. ಡೌನ್‌ಲೋಡ್ಸ್‌ನಲ್ಲೂ ಏನೂ ಬಂದಿಲ್ಲ. ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡ್ತೇನೆ, ತಡವಾಗಿ ಸೇರಿಸಿದ್ದರೆ ಗೊತ್ತಾಗಲಿ ಅಂತ. ಅಪ್ಪಯ್ಯ ಚೀಟಿ ಹರಿಯದೆ ಇಟ್ಟುಕೊಂಡಿದ್ದಾರೆ. ನಾಳೆ ಠಾಣೆಗೆ ಕೊಡುತ್ತೇನೆ ಅಂದರು, ಆ ಸಾಲಿನಲ್ಲಿ ನಿಂತ ಬೇರೆ ಗಾಡಿಗಳಿಗೂ ಸಿಕ್ಕಿಸಿದ್ದರಂತೆ.