12 ಕಂತು ಮುಗಿದ ಮೇಲೂ ಬಾಕಿ ನಿಂತ 6 ರೂಪಾಯಿ

ಕೇಳಿದವರು (ಬದಿಯಡ್ಕ): ನಮ್ಮ ನೆರೆಕರೆಯ ಉಳಿತಾಯ ಗುಂಪಿನ, ಅಂದರೆ ಅಯಲ್‌ಕೂಟದ ಲೆಕ್ಕ ಬರೆಯುವುದು ನಾನು. ಒಬ್ಬರಿಗೆ 30,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿ, 12 ಕಂತು. ಎಕ್ಸೆಲ್ ಕಂತು 2,665.46 ಅಂತ ತೋರಿಸಿತು, ನಾವು 2,665 ಮಾಡಿದೆವು. ಕೊನೆಗೆ ಶೀಟ್‌ನಲ್ಲಿ 6 ರೂಪಾಯಿ ಬಾಕಿ, ಕೈಯಲ್ಲಿ ಬರೆದ ಪುಸ್ತಕದಲ್ಲಿ 3 ರೂಪಾಯಿ. ಯಾವುದು ಸರಿ?

ಮುಳ್ಳೇರಿಯ ಅಂಗಡಿಯವರು: ಇಷ್ಟೆಲ್ಲ ತಲೆಬಿಸಿ ಯಾಕೆ ಅಕ್ಕಾ? ವರ್ಷಕ್ಕೆ 3,600 ಬಡ್ಡಿ. ಅಸಲಿಗೆ ಸೇರಿಸಿ 12ರಿಂದ ಭಾಗಿಸಿ. ಕಂತು 2,800. ಚಿಲ್ಲರೆಯೂ ಇಲ್ಲ, ಬಾಕಿಯೂ ಇಲ್ಲ.

ಸೊಸೈಟಿಯಲ್ಲಿ ಕ್ಲಾರ್ಕ್ ಆಗಿದ್ದವರು, ಕುಂಬಳೆ: ಅಣ್ಣಾ, ಅದು ಬೇರೆಯೇ ಸಾಲ. ತಿರುಗಿ ಬಂದ ಹಣಕ್ಕೂ ಬಡ್ಡಿ ತೆಗೆದ ಹಾಗಾಯಿತು. ಅಕ್ಕನ ಲೆಕ್ಕದಲ್ಲಿ ವರ್ಷದ ಬಡ್ಡಿ 1,983 ಮಾತ್ರ.

ಅಕ್ಕಾ, ನಿಮ್ಮ ಶೀಟ್, ಪುಸ್ತಕ ಎರಡರ ಲೆಕ್ಕವೂ ತಪ್ಪಲ್ಲ. ಪೈಸೆ ಎಲ್ಲಿ ಅಡಗಿದೆ ಅಂತ ನೋಡಿ. ನೀವು ಶೀಟ್‌ನಲ್ಲಿ ಪೈಸೆ ಕಾಣದ ಹಾಗೆ ಮಾಡಿದ್ದೀರಿ, ಅಷ್ಟೇ. ಒಳಗೆ ಅದು ಹಾಗೇ ಇದೆ. ಮೂರನೇ ತಿಂಗಳ ಸಾಲು ತೆಗೆಯಿರಿ. ಮೊದಲಿನ ಬಾಕಿ 25,246, ಅಸಲಿಗೆ ಹೋದದ್ದು 2,413. ಕಳೆದರೆ 22,833 ಬರಬೇಕು, ಶೀಟ್ ತೋರಿಸುವುದು 22,834. ಇಂಥ ಒಂದು ರೂಪಾಯಿ ಕಂಡರೆ ಪೈಸೆ ಅಡಗಿದೆ ಅಂತ ಲೆಕ್ಕ. ಕೊನೆಯ ಆ 6 ಕೂಡ ನಿಜವಾಗಿ 5.88.

ಪುಸ್ತಕದಲ್ಲಿ ನೀವು ಪ್ರತಿ ತಿಂಗಳ ಬಡ್ಡಿಯನ್ನು ಪೂರ್ತಿ ರೂಪಾಯಿ ಮಾಡಿಯೇ ಮುಂದಕ್ಕೆ ಹೋಗಿದ್ದೀರಿ. ಹಾಗಾಗಿ 3. ಕೈಗೆ ಬರುವುದು ರೂಪಾಯಿಯೇ ಆದ್ದರಿಂದ ಪುಸ್ತಕದ ದಾರಿಯೇ ಒಳ್ಳೆಯದು. ಶೀಟನ್ನೂ ಹಾಗೇ ಮಾಡಿ. B ಮೊದಲಿನ ಬಾಕಿ, C ಕಂತು, D ಬಡ್ಡಿ, E ಅಸಲು, F ಉಳಿದ ಬಾಕಿ:

```
D2: =ROUND(B2*1%,0)
E2: =C2-D2
F2: =B2-E2
B3: =F2
C13: =B13+D13
```

C2ರಿಂದ C12ರವರೆಗೆ 2,665. D2, E2, F2, B3 ಸೂತ್ರಗಳನ್ನು 13ನೇ ಸಾಲಿನವರೆಗೆ ಕೆಳಗೆ ಎಳೆಯಿರಿ. C13 ಕೊನೆಯ ಕಂತು. ಅಲ್ಲಿ 2,665 ಟೈಪ್ ಮಾಡಬೇಡಿ. ಉಳಿದ ಬಾಕಿ 2,642, ಬಡ್ಡಿ 26, ಒಟ್ಟು 2,668. ಆ 3 ರೂಪಾಯಿ ಅಲ್ಲೇ ತೀರಿತು. ಸಾಲ ಕೊಡುವ ದಿನವೇ ಈ ಕೊನೆಯ ಸಾಲು ತೋರಿಸಿ ಸಹಿ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ವರ್ಷ ಕಳೆದ ಮೇಲೆ 3 ರೂಪಾಯಿಗೆ ಅರ್ಧ ಗಂಟೆ ಮಾತು.

ನೀರ್ಚಾಲಿನ ಟೀಚರ್: ಸುಮ್ನೆ 2,670 ಮಾಡಿ. ಜಾಸ್ತಿ ತೆಗೆದರೆ ಕೊನೆಗೆ ತಾನಾಗಿ ಸೊನ್ನೆ ಆಗುತ್ತದೆ.

ಕುಂಬಳೆ: ಕಂತು 2,670 ಮಾಡುವುದು ಒಳ್ಳೆಯದೇ ಟೀಚರ್, ಚಿಲ್ಲರೆ ಹುಡುಕುವ ಕೆಲಸ ತಪ್ಪುತ್ತದೆ. ಆದರೆ ತಾನಾಗಿ ಸೊನ್ನೆ ಆಗುವುದಿಲ್ಲ. ಕೊನೆಯ ಕಂತು 2,612ಕ್ಕೆ ಇಳಿಯುತ್ತದೆ. ಅದನ್ನು ನೋಡದೆ 2,670 ತೆಗೆದುಕೊಂಡರೆ 58 ರೂಪಾಯಿ ಅವರಿಗೆ ವಾಪಸ್ ಕೊಡಬೇಕು.

ಮಂಜೇಶ್ವರದಿಂದ ಒಬ್ಬರು: ನಮ್ಮ ಕಥೆ ಬೇರೆ. ಇದೇ ಮೊತ್ತ, ಇದೇ ಬಡ್ಡಿ, ಆದರೆ ಐದನೇ ತಿಂಗಳು ಆಕೆ ಕೊಟ್ಟದ್ದು 1,500. ನಾನು ಮೊದಲೇ ಪ್ರಿಂಟ್ ಮಾಡಿದ ಪಟ್ಟಿಯಲ್ಲಿ ಟಿಕ್ ಹಾಕಿ ಬಿಟ್ಟೆ. ಮುಂದಿನ ಎಲ್ಲ ಸಾಲುಗಳೂ ಸುಳ್ಳಾದವು. ನನಗೆ ಗೊತ್ತಾದದ್ದು ಮಾರ್ಚ್‌ನಲ್ಲಿ, ಪೆಟ್ಟಿಗೆಯ ಹಣ ಪುಸ್ತಕಕ್ಕೆ ತಾಳೆ ಆಗದಾಗ.

ಕುಂಬಳೆ: ಅದಕ್ಕೇ ಎರಡು ಶೀಟ್ ಬೇಕು. ಒಂದು ಬರಬೇಕಾದ್ದು, ಅದನ್ನು ಮತ್ತೆ ಮುಟ್ಟಬಾರದು. ಇನ್ನೊಂದು ಬಂದದ್ದು, ತಾರೀಕು ಮತ್ತು ರಶೀದಿ ನಂಬರ್ ಸಮೇತ. ನಿಮ್ಮ 1,500ರಲ್ಲಿ ಮೊದಲು ಬಡ್ಡಿ 204 ಕಳೆಯಿರಿ, ಅಸಲಿಗೆ 1,296. ಬಾಕಿ 20,396 ಇದ್ದದ್ದು 19,100 ಆಯಿತು. ಆರನೇ ತಿಂಗಳ ಬಡ್ಡಿ 191, ಪಟ್ಟಿಯಲ್ಲಿರುವ 179 ಅಲ್ಲ.

ಕೇಳಿದವರು: ಏನೂ ಕೊಡದಿದ್ದರೆ? ಆ 204ನ್ನು ಬಾಕಿಗೆ ಸೇರಿಸುವುದಾ?

ಕುಂಬಳೆ: ನಾನು ಸೇರಿಸುವುದಿಲ್ಲ. ಸೇರಿಸಿದರೆ ಬಡ್ಡಿಗೆ ಬಡ್ಡಿ ಶುರು. ಪಕ್ಕದಲ್ಲಿ "ಬರಬೇಕಾದ ಬಡ್ಡಿ" ಅಂತ ಒಂದು ಕಾಲಂ ಇಟ್ಟು, ಮುಂದಿನ ಹಣದಲ್ಲಿ ಮೊದಲು ಅದನ್ನು ತೀರಿಸುತ್ತೇನೆ.

ಮುಳ್ಳೇರಿಯ ಅಂಗಡಿಯವರು: ಹಾಗಾದರೆ ಹೊತ್ತಿಗೆ ಸರಿಯಾಗಿ ಕೊಟ್ಟವರಿಗೂ ಕೊಡದವರಿಗೂ ಏನು ವ್ಯತ್ಯಾಸ ಮಾರಾಯ್ರೇ?

ಮಂಜೇಶ್ವರ: ನಮ್ಮಲ್ಲಿ ತಡವಾದರೆ 10 ರೂಪಾಯಿ ದಂಡ. ಅದನ್ನು ಬಡ್ಡಿಯ ಕಾಲಂನಲ್ಲಿ ಬರೆಯುವುದಿಲ್ಲ, ಬೇರೆ ರಶೀದಿ.

ಕೇಳಿದವರು: ಸಾಲ ಕೊಡುವಾಗ ದಂಡದ ಮಾತು ನಾವು ಆಡಿಯೇ ಇಲ್ಲ. ಭಾನುವಾರದ ಮೀಟಿಂಗ್‌ನಲ್ಲಿ ಕೇಳುತ್ತೇನೆ. C13 ಸರಿ ಮಾಡಿದೆ ಕುಂಬಳೆಯವರೇ, F13ರಲ್ಲಿ ಈಗ ಸೊನ್ನೆ ಬಂತು.